‘ಊಟ ಆದ್ಮೇಲೆ ತಗೊಳ್ಳಿ’ ಅನ್ನುವ ಅರ್ಧ ಸತ್ಯ

11 ವರ್ಷ ಮೆಡಿಕಲ್ ಶಾಪಿನ ಕೌಂಟರಿನ ಹಿಂದೆ ನಿಂತವನು ನಾನು. ಅಷ್ಟು ವರ್ಷದಲ್ಲಿ ನನ್ನ ಬಾಯಿಂದ ಅತಿ ಹೆಚ್ಚು ಸಲ ಬಂದ ಮಾತು ‘ಊಟ ಆದ್ಮೇಲೆ ತಗೊಳ್ಳಿ’. ತಲೆನೋವು ಅಂತ ಯಾರೋ ಬರುತ್ತಾರೆ. ಸ್ಟ್ರಿಪ್ಪಿನಿಂದ ಎರಡು ಮಾತ್ರೆ ಕತ್ತರಿಸುತ್ತೇವೆ, ಪುಟ್ಟ ಕವರಿಗೆ ಹಾಕುತ್ತೇವೆ, ಚಿಲ್ಲರೆ ಕೊಡುತ್ತಾ ಈ ಮಾತು ಹೇಳುತ್ತೇವೆ. ಅವರು ತಲೆಯಾಡಿಸುತ್ತಾರೆ. ನಮ್ಮ ಜವಾಬ್ದಾರಿ ಮುಗಿಯಿತು ಅಂತ ನಮಗೆ ಸಮಾಧಾನ, ಊಟ ಮಾಡಿ ನುಂಗಿದರೆ ಹೊಟ್ಟೆಗೆ ಏನೂ ಆಗಲ್ಲ ಅಂತ ಅವರಿಗೆ ಸಮಾಧಾನ.

ಈ ಎರಡು ಸಮಾಧಾನಗಳ ಮೇಲೆ ನನಗೀಗ ಸಿಟ್ಟಿದೆ. ಯಾಕೆ ಅನ್ನೋದಕ್ಕೆ ನಮ್ಮ ಅತ್ತೆಯ ಕಥೆ ಹೇಳಬೇಕು.

ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ವಯಸ್ಸು 61. ಮದುವೆಗೆ ಮುಂಚಿನಿಂದಲೂ ಅವರಿಗೆ ಅರೆತಲೆನೋವು. ಮೂರು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿದ ಮೇಲೆ ದಿನಾ 75 ಮಿಲಿಗ್ರಾಂ ಆಸ್ಪಿರಿನ್, ಜೊತೆಗೆ ಮೆಟೊಪ್ರೊಲಾಲ್ ಅನ್ನುವ ಮಾತ್ರೆ. ತಲೆನೋವು ಬಂದಾಗ ಡೈಕ್ಲೊಫೆನಾಕ್ ಮತ್ತು ಪ್ಯಾರಸಿಟಮಾಲ್ ಸೇರಿದ ಜೋಡಿ ಮಾತ್ರೆ. ಆ ಜೋಡಿ ಮಾತ್ರೆಯನ್ನು ಬಹಳಷ್ಟು ಸಲ ಕೊಟ್ಟವನು ನಾನೇ. ಅತ್ತೆ ಶಿಸ್ತಿನ ಹೆಂಗಸು. ಬರಿ ಹೊಟ್ಟೆಯಲ್ಲಿ ಒಂದು ಮಾತ್ರೆಯನ್ನೂ ನುಂಗಿದವರಲ್ಲ. ತಲೆ ಸಿಡಿಯುತ್ತಿದ್ದರೂ ಮೊದಲು ಒಂದು ತುತ್ತು ಮುದ್ದೆಯೋ ಮೊಸರನ್ನವೋ ತಿಂದು, ಆಮೇಲೆ ಮಾತ್ರೆ. ಹಾಗಿದ್ದೂ ಒಂದು ಬೆಳಿಗ್ಗೆ ರಂಗೋಲಿ ಹಾಕಲು ಬಗ್ಗಿದವರು ಬಾಗಿಲಲ್ಲೇ ಕುಸಿದು ಬಿದ್ದರು. ಆಸ್ಪತ್ರೆಯಲ್ಲಿ ನೋಡಿದರೆ ಹಿಮೋಗ್ಲೋಬಿನ್ 6.8. ಹೆಣ್ಣುಮಕ್ಕಳಿಗೆ ಕನಿಷ್ಠ 12 ಇರಬೇಕು. ಎಂಡೋಸ್ಕೋಪಿ ಮಾಡಿದರೆ ಜಠರದೊಳಗೆ ಒಂದು ಹುಣ್ಣು, ಅದರಿಂದ ರಕ್ತ ಸೋರುತ್ತಿತ್ತು.

‘ಹೊಟ್ಟೆ ನೋಯ್ತಿರ್ಲಿಲ್ವಾ ಅತ್ತೆ? ಹೇಳ್ಬಾರ್ದಿತ್ತಾ?’ ಅಂದೆ.

‘ಏನೂ ನೋವಿರ್ಲಿಲ್ಲ ಕಣೋ. ಸ್ವಲ್ಪ ಸುಸ್ತು ಅಷ್ಟೇ. ಊಟ ಮಾಡ್ಕೊಂಡೇ ತಗೊಳ್ತಿದ್ನಲ್ಲ, ನೀನೇ ಹೇಳಿದ್ದೆ’ ಅಂದರು.

ಈ ಉತ್ತರದಲ್ಲಿ ನಮ್ಮ ಊರುಗಳ ಔಷಧ ವ್ಯವಹಾರದ ತಪ್ಪುಗಳೆಲ್ಲಾ ಇವೆ. ಒಂದೊಂದಾಗಿ ಬಿಡಿಸುತ್ತೇನೆ.

ಮೊದಲು, ಊಟದ ವಿಷಯ. ಮಾತ್ರೆ ಜಠರದೊಳಗೆ ಬಿದ್ದು ಗೋಡೆಗೆ ತಾಗಿ, ಅಲ್ಲಿ ಸುಟ್ಟು ಹುಣ್ಣಾಗುತ್ತೆ, ಆದ್ದರಿಂದ ಗೋಡೆಗೂ ಮಾತ್ರೆಗೂ ನಡುವೆ ಅನ್ನದ ಹಾಸಿಗೆ ಇದ್ದರೆ ಸಾಕು ಅಂತ ಬಹುತೇಕರ ಕಲ್ಪನೆ. ತಾಗಿದ ಜಾಗದಲ್ಲಿ ಸ್ವಲ್ಪ ಉರಿಯಾಗೋದು ನಿಜ. ಆದರೆ ರಕ್ತ ಸೋರುವ ಹುಣ್ಣಿಗೆ ಮುಖ್ಯ ಕಾರಣ ಅದಲ್ಲ.

ಜಠರದೊಳಗಿನ ಆಮ್ಲ ಮಾಂಸವನ್ನೇ ಕರಗಿಸುವಷ್ಟು ತೀಕ್ಷ್ಣ. ಜಠರವೂ ಮಾಂಸದ್ದೇ. ಅದು ತನ್ನನ್ನು ತಾನೇ ಜೀರ್ಣಿಸಿಕೊಳ್ಳದೆ ಇರೋದಕ್ಕೆ ಒಳಗೋಡೆಯ ಮೇಲೆ ಲೋಳೆಯ ಒಂದು ಪದರ ಇರುತ್ತೆ, ಆ ಪದರದೊಳಗೆ ಆಮ್ಲವನ್ನು ತಣಿಸುವ ಕ್ಷಾರ ಇರುತ್ತೆ, ಕೆಳಗೆ ಒಳ್ಳೆ ರಕ್ತಸಂಚಾರ ಇದ್ದು ಸವೆದ ಜಾಗ ಬೇಗ ರಿಪೇರಿ ಆಗುತ್ತಿರುತ್ತೆ. ಇದನ್ನೆಲ್ಲಾ ನಡೆಸುವುದು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು. ಅವನ್ನು ಮನೆಗೋಡೆಗೆ ದಿನಾ ಸುಣ್ಣ ಬಳಿಯುವ ಆಳುಗಳು ಅಂದುಕೊಳ್ಳಿ. ನೋವು, ಊತ, ಜ್ವರ ತರುವುದೂ ಇದೇ ಕುಲದ ರಾಸಾಯನಿಕಗಳೇ. ಆಸ್ಪಿರಿನ್ ಇವುಗಳ ಉತ್ಪಾದನೆಯನ್ನೇ ನಿಲ್ಲಿಸುತ್ತದೆ ಅಂತ 1971ರಲ್ಲಿ ತೋರಿಸಿಕೊಟ್ಟವರು ಇಂಗ್ಲೆಂಡಿನ ಜಾನ್ ವೇನ್. 1982ರಲ್ಲಿ ಅವರಿಗೆ ನೊಬೆಲ್ ಬಂತು. ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ನ್ಯಾಪ್ರಾಕ್ಸೆನ್ ಎಲ್ಲವೂ ಕೆಲಸ ಮಾಡೋದು ಹೀಗೇ. ತಲೆಯ ನೋವಿನ ಆಳನ್ನು ಮನೆಗೆ ಕಳಿಸುವಾಗ ಹೊಟ್ಟೆಯ ಸುಣ್ಣದ ಆಳನ್ನೂ ಕಳಿಸಿಬಿಡುತ್ತವೆ.

ಇದು ನಡೆಯೋದು ಮಾತ್ರೆ ರಕ್ತಕ್ಕೆ ಸೇರಿದ ಮೇಲೆ. ಆಗ ಅದು ಜಠರದ ಗೋಡೆಗೆ ಒಳಗಿನಿಂದ, ರಕ್ತದ ದಾರಿಯಲ್ಲಿ ಬರುತ್ತೆ. ಅಲ್ಲಿಗೆ ನಿಮ್ಮ ಅನ್ನದ ಹಾಸಿಗೆ ಮುಟ್ಟುವುದಿಲ್ಲ. ಇದಕ್ಕೆ ಸಾಕ್ಷಿ ಬೇಕಾ? ಸೊಂಟಕ್ಕೆ ಡೈಕ್ಲೊಫೆನಾಕ್ ಇಂಜೆಕ್ಷನ್ ಚುಚ್ಚಿಸಿಕೊಂಡವರಿಗೂ, ಗುದದ್ವಾರದಲ್ಲಿ ಇಡುವ ಮಾತ್ರೆ ಬಳಸಿದವರಿಗೂ ಜಠರದಲ್ಲಿ ಹುಣ್ಣಾಗುತ್ತೆ. ಜಠರದಲ್ಲಿ ಕರಗದೆ ಕರುಳಿನಲ್ಲಿ ಕರಗುವ ಕೋಟಿಂಗ್ ಮಾತ್ರೆ ನುಂಗಿದವರಿಗೂ ಆಗುತ್ತೆ. ಅವರ ಜಠರದ ಗೋಡೆಗೆ ಆ ಮಾತ್ರೆ ಹೊರಗಿನಿಂದ ತಾಗಿಯೇ ಇಲ್ಲ. ಇಂಜೆಕ್ಷನ್ ಆದರೆ ಹೊಟ್ಟೆಗೆ ಸೇಫ್ ಅಂತ ಹೇಳುವವರು ಇದನ್ನು ಗಮನಿಸಬೇಕು.

ಹಾಗಾದರೆ ಊಟ ಮಾಡೋದೇ ಬೇಡವಾ ಅಂದರೆ, ಹಾಗಲ್ಲ. ಜೊತೆಗೆ ಏನಾದರೂ ತಿಂದರೆ ಹೊಟ್ಟೆ ಉರಿ, ವಾಕರಿಕೆ ಕೆಲವರಿಗೆ ಕಡಿಮೆಯಾಗುತ್ತೆ. ಒಂದು ಬಾಳೆಹಣ್ಣು, ಒಂದು ಲೋಟ ಹಾಲು, ಎರಡು ಇಡ್ಲಿ ಅದಕ್ಕೆ ಸಾಕು. ಆದರೆ ಅರೆತಲೆನೋವಿನವರಿಗೆ ‘ಊಟ ಆದ್ಮೇಲೆ’ ಅನ್ನೋ ಮಾತು ಇನ್ನೊಂದು ರೀತಿಯಲ್ಲಿ ತಿರುಗಿ ಬೀಳುತ್ತೆ. ಬೆಳಿಗ್ಗೆ ಹನ್ನೊಂದಕ್ಕೆ ತಲೆ ಹಿಡಿಯಲು ಶುರುವಾಗುತ್ತೆ. ಊಟ ಎರಡು ಗಂಟೆಗೆ. ಊಟ ಆಗಲಿ ಅಂತ ಕಾಯುತ್ತಾರೆ. ಎರಡು ಗಂಟೆಗೆ ನೋವು ನೆತ್ತಿಗೇರಿರುತ್ತೆ, ವಾಕರಿಕೆ ಶುರುವಾಗಿರುತ್ತೆ. ಅರೆತಲೆನೋವು ಬಂದಾಗ ಜಠರದ ಚಲನೆಯೇ ಮಂದವಾಗುತ್ತೆ. ಅದರ ಮೇಲೆ ಹೊಟ್ಟೆ ತುಂಬ ಉಂಡರೆ ಮಾತ್ರೆ ರಕ್ತಕ್ಕೆ ಸೇರುವುದು ಇನ್ನೂ ತಡ. ಕೋಟಿಂಗ್ ಇರುವ ಡೈಕ್ಲೊಫೆನಾಕ್ ಆದರಂತೂ ಗಂಟೆಗಟ್ಟಲೆ ಅಲ್ಲೇ ಕೂರಬಹುದು. ಒಂದೂವರೆ ಗಂಟೆ ಕಾದು, ‘ಇದು ಕೆಲಸ ಮಾಡ್ತಿಲ್ಲ’ ಅಂತ ಎರಡನೇದು ನುಂಗುತ್ತಾರೆ. ಹೊಟ್ಟೆ ಉಳಿಸಲು ಹೇಳಿದ ಮಾತು ಮಾತ್ರೆಯ ಲೆಕ್ಕವನ್ನು ಎರಡು ಪಟ್ಟು ಮಾಡಿತು. ಹೊಟ್ಟೆಗೆ ಅಪಾಯ ಏರುವುದು ಪ್ರಮಾಣದಿಂದ. ಅತ್ತೆಯ ಮನೆಯಲ್ಲಿ ಆಗುತ್ತಿದ್ದದ್ದು ಇದೇ.

ಸರಿಯಾದ ಕ್ರಮ ಹೀಗೆ. ತಲೆನೋವು ಶುರುವಾದ ಕೂಡಲೇ, ಸಣ್ಣದೇನಾದರೂ ತಿಂದು, ಪೂರ್ತಿ ಒಂದು ಲೋಟ ನೀರಿನ ಜೊತೆ, ಕೂತು ಅಥವಾ ನಿಂತು ಮಾತ್ರೆ ತೆಗೆದುಕೊಳ್ಳಬೇಕು. ಅರ್ಧ ಗಂಟೆಯಾದರೂ ಮಲಗಬಾರದು. ಒಂದು ಗುಟುಕು ನೀರಿನಲ್ಲಿ ನುಂಗಿ ಹಾಗೇ ಹಾಸಿಗೆಗೆ ಬಿದ್ದರೆ ಮಾತ್ರೆ ಅನ್ನನಾಳದಲ್ಲೇ ಸಿಕ್ಕಿಕೊಂಡು ಅಲ್ಲಿ ಸುಡುತ್ತೆ. ಏಕಾದಶಿ, ಶನಿವಾರ ಅಂತ ಉಪವಾಸ ಇರುವವರಿಗೆ ಉಪವಾಸವೇ ತಲೆನೋವು ತರುತ್ತೆ. ಅಂಥವರು ಬರಿ ಹೊಟ್ಟೆಗೆ ಸ್ಟ್ರಾಂಗ್ ಕಾಫಿ ಜೊತೆ ಮಾತ್ರೆ ಹಾಕಿಕೊಳ್ಳುವ ಬದಲು ಹಾಲು, ಹಣ್ಣು ತಗೊಳ್ಳಲಿ. ಉಪವಾಸದ ನಿಯಮವೇ ಅದಕ್ಕೆ ಜಾಗ ಕೊಟ್ಟಿದೆ.

ಎರಡನೇದು, ಗ್ಯಾಸ್ ಮಾತ್ರೆ. ‘ಜೊತೆಗೊಂದು ಗ್ಯಾಸಿಂದು ಕೊಡಿ’ ಅನ್ನದ ಗಿರಾಕಿ ಅಪರೂಪ, ಕೇಳದೆಯೇ ಕೊಡುವ ಅಂಗಡಿಗಳೂ ಇವೆ. ನೋವಿನ ಮಾತ್ರೆ ಒಂದು, ಗ್ಯಾಸಿನ ಮಾತ್ರೆ ಒಂದು, ಎರಡನ್ನೂ ಊಟ ಆದ ಮೇಲೆ ಒಟ್ಟಿಗೆ ನುಂಗಿದರೆ ಕವಚ ತೊಟ್ಟಂತೆ ಅನ್ನುವ ನಂಬಿಕೆ. ಇದರಲ್ಲಿ ಔಷಧದ ತಪ್ಪಿಲ್ಲ. ನಾವು ಅದನ್ನು ಕೊಡುವ ರೀತಿ ತಪ್ಪು.

ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮುಂತಾದವು ನಿಜಕ್ಕೂ ಈ ಹುಣ್ಣುಗಳನ್ನು ತಡೆಯುತ್ತವೆ. ಆದರೆ ಅವು ಆಮ್ಲ ಸುರಿಸುವ ಪಂಪುಗಳು ಕೆಲಸಕ್ಕೆ ಇಳಿದಾಗ ಮಾತ್ರ ಅವುಗಳನ್ನು ಹಿಡಿದು ನಿಲ್ಲಿಸಬಲ್ಲವು. ಪಂಪು ಕೆಲಸಕ್ಕೆ ಇಳಿಯೋದು ಊಟ ಬಂದಾಗ. ಆದ್ದರಿಂದ ಔಷಧ ಊಟಕ್ಕೆ ಮುಂಚೆಯೇ ರಕ್ತದಲ್ಲಿ ಸಿದ್ಧವಾಗಿ ನಿಂತಿರಬೇಕು. ಅಂದರೆ ಬೆಳಗಿನ ತಿಂಡಿಗೆ ಅರ್ಧ ಗಂಟೆ ಮೊದಲು, ಬರಿ ಹೊಟ್ಟೆಯಲ್ಲಿ. ಊಟ ಆದ ಮೇಲೆ ನುಂಗಿದರೆ ಅರ್ಧ ಶಕ್ತಿ ವ್ಯರ್ಥ. ಇನ್ನೂ ಒಂದು ವಿಷಯ ಇದೆ. ಒಂದು ದಿನದ ಮಾತ್ರೆಯಿಂದ ಎಲ್ಲಾ ಪಂಪುಗಳೂ ನಿಲ್ಲಲ್ಲ. ದಿನಾ ತಗೊಂಡರೆ ಪೂರ್ತಿ ಪರಿಣಾಮ ಬರಲು ಮೂರ್ನಾಲ್ಕು ದಿನ ಬೇಕು. ತಲೆನೋವು ಬಂದ ದಿನ ಮಾತ್ರ ಒಂದು ಗ್ಯಾಸಿನ ಮಾತ್ರೆ ಹಾಕಿಕೊಳ್ಳೋದು ಮಳೆ ಶುರುವಾದ ಮೇಲೆ ಹಂಚು ಹೊದಿಸಲು ಏಣಿ ತಂದ ಹಾಗೆ.

ಗುಲಾಬಿ ಬಣ್ಣದ ದ್ರವ, ಇನೋ, ಜೀರಿಗೆ ಕಷಾಯ, ಮಜ್ಜಿಗೆ ಇವೆಲ್ಲಾ ಉರಿಯನ್ನು ಶಮನ ಮಾಡಬಹುದು, ಹುಣ್ಣನ್ನು ತಡೆಯಲ್ಲ. ಬಹಳ ಕಾಲದಿಂದ ಬಳಕೆಯಲ್ಲಿರುವ ರಾನಿಟಿಡೀನ್ ಕೂಡ ಸಾಮಾನ್ಯ ಪ್ರಮಾಣದಲ್ಲಿ ಜಠರದ ಹುಣ್ಣನ್ನು ತಡೆಯುವುದಿಲ್ಲ. ಇಲ್ಲೊಂದು ಕೇಡೂ ಇದೆ. ಉರಿ ಹೋಯಿತಲ್ಲ, ಹೊಟ್ಟೆ ಚೆನ್ನಾಗಿದೆ ಅಂತ ಧೈರ್ಯ ಬರುತ್ತೆ, ನೋವಿನ ಮಾತ್ರೆ ಮುಂದುವರಿಯುತ್ತೆ. ಉರಿಗೂ ಹುಣ್ಣಿಗೂ ನೇರ ನಂಟಿಲ್ಲ. ಉರಿ ಇದ್ದವರಲ್ಲಿ ಹುಣ್ಣು ಇಲ್ಲದೆ ಇರಬಹುದು. ಅತ್ತೆಯಂತೆ ಏನೂ ಉರಿ ಇಲ್ಲದವರಲ್ಲಿ ಹುಣ್ಣು ಬಾಯಿ ತೆರೆದಿರಬಹುದು. ನೋವಿನ ಮಾತ್ರೆ ಹುಣ್ಣಿನ ನೋವನ್ನೂ ಮರೆಸುತ್ತದಲ್ಲ!

ಹಾಗಂತ ಎಲ್ಲರೂ ದಿನಾ ಪ್ಯಾಂಟೊಪ್ರಜೋಲ್ ನುಂಗಿ ಅಂತ ಹೇಳುತ್ತಿಲ್ಲ. ತಿಂಗಳಿಗೆ ಎರಡು ಮೂರು ದಿನ ಮಾತ್ರೆ ತಗೊಳ್ಳುವ, ಬೇರೆ ಕಾಯಿಲೆ ಇಲ್ಲದ ಮೂವತ್ತರ ಹುಡುಗಿಗೆ ಅದು ಬೇಡ. ಬೇಕಾದವರು ಯಾರು ಅಂದರೆ: 65 ದಾಟಿದವರು, ಹಿಂದೆ ಹುಣ್ಣೋ ರಕ್ತಸ್ರಾವವೋ ಆದವರು, ಆಸ್ಪಿರಿನ್ ಅಥವಾ ಬೇರೆ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು, ಸ್ಟೀರಾಯ್ಡ್ ತಗೊಳ್ಳುವವರು, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಲ್ಲಿ ಇರುವವರು. ಇವರು ನೋವಿನ ಮಾತ್ರೆ ಮುಟ್ಟುವ ಮೊದಲೇ ವೈದ್ಯರನ್ನು ಕೇಳಬೇಕು. ಇವರಲ್ಲಿ ಹಲವರಿಗೆ ಸರಿಯಾದ ಉತ್ತರ ‘ಗ್ಯಾಸಿನ ಮಾತ್ರೆ ಸೇರಿಸಿ’ ಅಂತಲ್ಲ, ‘ಈ ನೋವಿನ ಮಾತ್ರೆಯೇ ಬೇಡ’ ಅಂತ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಅತ್ತೆಗೆ ಡೈಕ್ಲೊಫೆನಾಕ್ ಕೊಡಲೇಬಾರದಿತ್ತು. ಅದು ಹೊಟ್ಟೆಗಷ್ಟೇ ಅಲ್ಲ, ಹೃದಯಕ್ಕೂ ಅಪಾಯ. ಡೈಕ್ಲೊಫೆನಾಕ್ ಶೆಡ್ಯೂಲ್ ಎಚ್ ಪಟ್ಟಿಯಲ್ಲಿದೆ, ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ನಾನು ಮಾರಿದೆ. ಸ್ವಂತ ಅತ್ತೆಗೆ.

ಮೂರನೇದು ಕತ್ತರಿ. ಸ್ಟ್ರಿಪ್ಪಿನಿಂದ ಎರಡು ಮಾತ್ರೆ ಕತ್ತರಿಸಿ ಕೊಟ್ಟಾಗ ಹೆಸರು ಒಂದು ಕಡೆ, ಎಚ್ಚರಿಕೆ ಇನ್ನೊಂದು ಕಡೆ ಉಳಿಯುತ್ತೆ. ಗಿರಾಕಿಗೆ ಸಿಗೋದು ಬಿಳಿ ಮಾತ್ರೆ, ಹಳದಿ ಮಾತ್ರೆ ಅನ್ನೋ ಬಣ್ಣ ಅಷ್ಟೇ. ಕುಸಿಯುವ ಹಿಂದಿನ ತಿಂಗಳು ಅತ್ತೆಗೆ ಮಂಡಿನೋವು ಬಂದಿತ್ತು. ಪಕ್ಕದ ಬೀದಿಯ ಕ್ಲಿನಿಕ್ಕಿನಲ್ಲಿ ಹತ್ತು ದಿನಕ್ಕೆ ಅಸೆಕ್ಲೊಫೆನಾಕ್ ಬರೆದರು, ಬೆಳಿಗ್ಗೆ ಒಂದು ರಾತ್ರಿ ಒಂದು. ಅತ್ತೆಯ ಲೆಕ್ಕದಲ್ಲಿ ಅದು ‘ಮಂಡಿ ಮಾತ್ರೆ’, ಇದು ‘ತಲೆ ಮಾತ್ರೆ’, ಆಸ್ಪಿರಿನ್ ‘ಹಾರ್ಟಿನ ಮಾತ್ರೆ’. ಹೊಟ್ಟೆಯ ಲೆಕ್ಕದಲ್ಲಿ ಮೂರೂ ಒಂದೇ ಕುಲದವು. ತಲೆನೋವಿದ್ದ ದಿನ ಅವರ ಜಠರದ ಮೇಲೆ ಮೂರೂ ಒಟ್ಟಿಗೆ ಬಿದ್ದಿವೆ. ಒಂದರ ಮೇಲೊಂದು ಈ ಕುಲದ ಎರಡು ಮಾತ್ರೆ ತಗೊಂಡರೆ ನೋವು ಎರಡು ಪಟ್ಟು ಕಡಿಮೆಯಾಗಲ್ಲ, ರಕ್ತಸ್ರಾವದ ಅಪಾಯ ಮಾತ್ರ ಏರುತ್ತೆ. ಆಮೇಲೆ ಮನೆಯ ಕ್ಯಾಲೆಂಡರಿನಲ್ಲಿ ಕೂತು ಲೆಕ್ಕ ಹಾಕಿದೆವು. ಆ ತಿಂಗಳಲ್ಲಿ 18 ದಿನ ತಲೆನೋವಿಗೆ ಮಾತ್ರೆ ತಗೊಂಡಿದ್ದರು, ಬಹಳಷ್ಟು ದಿನ ಎರಡೆರಡು.

18 ಅನ್ನೋ ಸಂಖ್ಯೆಯಲ್ಲಿ ಇನ್ನೊಂದು ಸಂಗತಿ ಅಡಗಿದೆ. ತಲೆನೋವಿನ ಕಾಯಿಲೆ ಇರುವವರು ಈ ಬಗೆಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು, ಮೂರು ತಿಂಗಳಿಗೂ ಮೀರಿ ತಗೊಂಡರೆ ಮಾತ್ರೆಯೇ ತಲೆನೋವು ತರಲು ಶುರು ಮಾಡುತ್ತೆ. ಎರಡು ಮೂರು ನೋವುನಿವಾರಕ ಸೇರಿಸಿದ ಜೋಡಿ ಮಾತ್ರೆ ಆದರೆ 10 ದಿನವೇ ಗಡಿ. ಮಾತ್ರೆಯ ಪ್ರಭಾವ ಇಳಿದಂತೆ ನೋವು ಏರುತ್ತೆ, ಅದಕ್ಕೆ ಇನ್ನೊಂದು ಮಾತ್ರೆ, ಅದು ಇಳಿದಾಗ ಮತ್ತೆ ನೋವು. ಹೊಟ್ಟೆಯನ್ನು ಹೇಗೆ ಕಾಪಾಡೋದು ಅಂತ ಕೇಳುವವರಲ್ಲಿ ಎಷ್ಟೋ ಜನರಿಗೆ ನಿಜವಾದ ಉತ್ತರ ಹೊಟ್ಟೆಯಲ್ಲಿಲ್ಲ, ಕ್ಯಾಲೆಂಡರಿನಲ್ಲಿದೆ.

ಈಗ ರಕ್ತಸ್ರಾವದ ಗುರುತುಗಳು. ಇದನ್ನು ಸಂಕೋಚ ಬಿಟ್ಟು ಬರೆಯಬೇಕು, ಯಾಕಂದರೆ ಮುಖ್ಯ ಗುರುತು ಇರೋದು ಮಲದಲ್ಲಿ. ಜಠರದಲ್ಲಿ ಸೋರಿದ ರಕ್ತ ಕರುಳು ದಾಟಿ ಬರುವಷ್ಟರಲ್ಲಿ ಜೀರ್ಣವಾಗಿ ಕಪ್ಪಾಗಿರುತ್ತೆ. ಆದ್ದರಿಂದ ಕೆಂಪು ರಕ್ತಕ್ಕಾಗಿ ಕಾಯಬೇಡಿ. ರಸ್ತೆಗೆ ಹಾಕುವ ಡಾಂಬರಿನ ಹಾಗೆ ಕಪ್ಪಗೆ, ಹೊಳೆಯುತ್ತಾ, ಜಿಗುಟಾಗಿ, ನೀರು ಹಾಕಿದರೂ ಬೇಗ ಹೋಗದೆ, ಎಂದಿನದಲ್ಲದ ಕೆಟ್ಟ ನಾತ ಬರುವ ಮಲ ಅಂದರೆ ಹೊಟ್ಟೆಯಲ್ಲಿ ರಕ್ತ ಸೋರಿದೆ ಅಂತಲೇ ಅರ್ಥ. ಅರ್ಧ ಲೋಟದಷ್ಟು ರಕ್ತ ಸೋರಿದರೂ ಇದು ಕಾಣಿಸಿಕೊಳ್ಳಬಹುದು.

ಕಬ್ಬಿಣದ ಮಾತ್ರೆ ತಗೊಳ್ಳುವವರ ಮಲವೂ ಕಪ್ಪಾಗುತ್ತೆ. ಆದರೆ ಅದು ಹಸಿರು ಮಿಶ್ರಿತ ಕಪ್ಪು, ಗಟ್ಟಿಯಾಗಿರುತ್ತೆ, ಡಾಂಬರಿನ ಜಿಗುಟು ಇರಲ್ಲ, ಆ ನಾತವೂ ಇರಲ್ಲ. ಅತ್ತೆಗೆ ಆದದ್ದು ಇಲ್ಲೇ. ಸುಸ್ತು ಅಂತ ಹೋದಾಗ ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆ ಇಲ್ಲದೆ ಕಬ್ಬಿಣದ ಮಾತ್ರೆ ಬರೆದಿದ್ದರು. ಆಮೇಲೆ ಮಲ ಕಪ್ಪಗಾದಾಗ ‘ಅದು ಆ ಮಾತ್ರೆಗೆ’ ಅಂತ ತಾವೇ ತೀರ್ಮಾನಿಸಿದರು. ಅನುಮಾನ ಇದ್ದರೆ ಮನೆಯಲ್ಲಿ ತೀರ್ಮಾನ ಮಾಡಬೇಡಿ. ನೋವಿನ ಮಾತ್ರೆ ತಗೊಳ್ಳುವವರ ಮಲ ಕಪ್ಪಾದರೆ ಅದನ್ನು ರಕ್ತ ಅಂತಲೇ ಭಾವಿಸಿ ತೋರಿಸಿ.

ಎರಡನೇ ಗುರುತು ವಾಂತಿ. ಕೆಂಪು ರಕ್ತ ಬಂದರೆ ಯಾರಿಗಾದರೂ ಗೊತ್ತಾಗುತ್ತೆ. ಆದರೆ ಕಾಫಿ ಸೋಸಿದ ಮೇಲೆ ಉಳಿಯುವ ಚರಟದ ಹಾಗೆ ಕಂದು ಬಣ್ಣದ ಪುಡಿಪುಡಿ ವಾಂತಿಯೂ ಆಮ್ಲದಲ್ಲಿ ಬೆಂದ ರಕ್ತವೇ. ಅರೆತಲೆನೋವಿನಲ್ಲಿ ವಾಂತಿ ಮಾಮೂಲು ಅಂತ ನೋಡದೆ ನೀರು ಹೊಯ್ದುಬಿಡುವುದು ನಮ್ಮ ಅಭ್ಯಾಸ. ಒಮ್ಮೆ ನೋಡಿ, ಆಮೇಲೆ ಹೊಯ್ಯಿ.

ಮೂರನೇದು ನಿಧಾನದ ಸೋರಿಕೆ. ದಿನಾ ಸ್ವಲ್ಪ ಸ್ವಲ್ಪ ಸೋರಿದರೆ ಕಣ್ಣಿಗೆ ಏನೂ ಕಾಣದೇ ಇರಬಹುದು. ವಾರಗಳಲ್ಲಿ ಸುಸ್ತು ಹೆಚ್ಚುತ್ತೆ, ಮೆಟ್ಟಿಲು ಹತ್ತಿದರೆ ಏದುಸಿರು, ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಳ್ಳುತ್ತೆ, ಕೂತಲ್ಲಿಂದ ಎದ್ದರೆ ಕಣ್ಣು ಕತ್ತಲೆ. ‘ವಯಸ್ಸಾಯ್ತು’ ಅಂತ ಅತ್ತೆ ಅಂದುಕೊಂಡದ್ದು ಇದನ್ನೇ. ತಿಂಗಳಿಗೆ ಹತ್ತಾರು ನೋವಿನ ಮಾತ್ರೆ ನುಂಗುವವರಿಗೆ ಹೊಸದಾಗಿ ಸುಸ್ತು ಬಂದರೆ ಮೊದಲು ಮಾಡಬೇಕಾದ್ದು ಹಿಮೋಗ್ಲೋಬಿನ್ ಪರೀಕ್ಷೆ, ಟಾನಿಕ್ ಅಲ್ಲ.

ಇಲ್ಲಿ ಒಂದು ಮೋಸ ಇದೆ, ಅದು ವೈದ್ಯರನ್ನೂ ಯಾಮಾರಿಸುತ್ತೆ. ರಕ್ತ ಸೋರಿದಾಗ ನಾಡಿ ಬಡಿತ ಏರಬೇಕು. ಆದರೆ ಪ್ರೊಪ್ರನೊಲಾಲ್, ಮೆಟೊಪ್ರೊಲಾಲ್ ಮಾತ್ರೆಗಳು ಬಡಿತವನ್ನು ಏರಲು ಬಿಡುವುದಿಲ್ಲ. ಇವನ್ನು ಹೃದಯಕ್ಕೂ ಕೊಡುತ್ತಾರೆ, ಅರೆತಲೆನೋವು ಬರದಂತೆ ತಡೆಯಲೂ ಕೊಡುತ್ತಾರೆ. ಅಂದರೆ ಪದೇ ಪದೇ ತಲೆನೋವು ಬರುವವರಲ್ಲಿ ಇವನ್ನು ತಗೊಳ್ಳುವವರು ಬಹಳ. ಅತ್ತೆ ಕುಸಿಯುವ ಎರಡು ದಿನ ಮೊದಲು ಕ್ಲಿನಿಕ್ಕಿನಲ್ಲಿ ನಾಡಿ ನೋಡಿ ‘84 ಇದೆ, ನಾರ್ಮಲ್’ ಅಂದಿದ್ದರು. ಮೆಟೊಪ್ರೊಲಾಲ್ ಮೇಲೆ ಇದ್ದವರ ನಾಡಿ ಅದು. ನೀವು ಇವನ್ನು ತಗೊಳ್ಳುತ್ತಿದ್ದರೆ ನೋಡುವವರಿಗೆ ಅದನ್ನು ಬಾಯಿ ಬಿಟ್ಟು ಹೇಳಿ.

ಡಾಂಬರಿನಂಥ ಮಲ, ಕಾಫಿ ಚರಟದಂಥ ವಾಂತಿ, ತಲೆಸುತ್ತಿ ಬೀಳುವುದು, ಇದ್ದಕ್ಕಿದ್ದ ಹಾಗೆ ಹೊಟ್ಟೆ ಹಲಗೆಯಂತೆ ಬಿಗಿದು ತಡೆಯಲಾರದ ನೋವು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯುವಂತಿಲ್ಲ. 108ಕ್ಕೆ ಫೋನ್ ಮಾಡಿ. ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಹೋಗಬೇಕು ಅಂತ ಹೇಳಿ. ಮಲಗಿಸಿ, ವಾಂತಿ ಇದ್ದರೆ ಮಗ್ಗುಲಿಗೆ ತಿರುಗಿಸಿ. ನೀರು, ಹಾಲು, ಎಳನೀರು, ಗ್ಯಾಸಿನ ದ್ರವ ಏನನ್ನೂ ಕುಡಿಸಬೇಡಿ. ಹೊಟ್ಟೆ ಖಾಲಿ ಇದ್ದರೆ ಒಳಗೆ ನೋಡಲು ಸುಲಭ. ನೋವಿನ ಮಾತ್ರೆಯನ್ನಂತೂ ಮುಟ್ಟಲೇಬೇಡಿ. ಮನೆಯಲ್ಲಿರುವ ಎಲ್ಲಾ ಮಾತ್ರೆಗಳನ್ನು, ತುಂಡು ಸ್ಟ್ರಿಪ್ಪುಗಳನ್ನೂ ಸೇರಿಸಿ, ಒಂದು ಚೀಲಕ್ಕೆ ಹಾಕಿ ತಗೊಂಡು ಹೋಗಿ. ಅತ್ತೆಯ ಜೊತೆ ಹೋದ ಚೀಲವನ್ನು ಮೇಜಿನ ಮೇಲೆ ಸುರಿದಾಗ ಡ್ಯೂಟಿ ಡಾಕ್ಟರಿಗೆ ಎರಡು ನಿಮಿಷದಲ್ಲಿ ವಿಷಯ ಅರ್ಥವಾಯಿತು. ಹೃದಯದ ಆಸ್ಪಿರಿನ್ ನಿಲ್ಲಿಸಬೇಕೋ, ಯಾವಾಗ ಮತ್ತೆ ಶುರು ಮಾಡಬೇಕೋ ಅನ್ನೋದು ಅವರ ತೀರ್ಮಾನ. ಸ್ಟೆಂಟ್ ಇದ್ದವರು ಅದನ್ನು ತಾವಾಗಿ ಬಿಟ್ಟರೆ ಇನ್ನೊಂದು ಅನಾಹುತ.

ಇಷ್ಟು ಓದಿದ ಮೇಲೆ ಕೆಲವರು ಕೇಳುತ್ತಾರೆ: ‘ಹಾಗಾದ್ರೆ ತಲೆ ಸಿಡಿದು ಹೋಗ್ತಿದ್ರೂ ಸುಮ್ನೆ ಕೂತ್ಕೋಬೇಕಾ? ಕೂಲಿ ಬಿಟ್ಟು ಆಸ್ಪತ್ರೆ ಸಾಲಲ್ಲಿ ನಿಲ್ಲೋಕೆ ಯಾರಿಗಾಗುತ್ತೆ? ಮೆಡಿಕಲ್ ಶಾಪ್ ಇರೋದಕ್ಕೆ ಬಡವರು ಬದುಕಿದಾರೆ.’ ನ್ಯಾಯವಾದ ಪ್ರಶ್ನೆ. ಒಂದು ದಿನದ ಕೂಲಿ ಹೋದರೆ ಆ ಮನೆಯಲ್ಲಿ ಏನಾಗುತ್ತೆ ಅಂತ ಕೌಂಟರಿನಲ್ಲಿ ನಿಂತವನಿಗೆ ಗೊತ್ತು. ಆದರೆ ನಾನು ಕೇಳುತ್ತಿರೋದು ಮಾತ್ರೆ ಕೊಡಬೇಡಿ ಅಂತಲ್ಲ. ಅಪಾಯ ಇರುವವರಿಗೆ ಪ್ಯಾರಸಿಟಮಾಲ್ ಇದೆ. ಸಾಮಾನ್ಯ ಪ್ರಮಾಣದಲ್ಲಿ ಅದು ಜಠರದ ಸುಣ್ಣದ ಆಳುಗಳನ್ನು ಹೀಗೆ ಮನೆಗೆ ಕಳಿಸುವುದಿಲ್ಲ. ವಯಸ್ಕರಿಗೆ ಒಮ್ಮೆಗೆ 500ರಿಂದ 1000 ಮಿಲಿಗ್ರಾಂ, ದಿನಕ್ಕೆ ಒಟ್ಟು 4 ಗ್ರಾಂ ದಾಟಬಾರದು. ಕುಡಿಯುವವರು, ಲಿವರ್ ತೊಂದರೆ ಇರುವವರು, ತೀರಾ ಸಣಕಲು ದೇಹದವರು ಅದಕ್ಕಿಂತ ಬಹಳ ಕಡಿಮೆಯಲ್ಲೇ ನಿಲ್ಲಬೇಕು, ಎಷ್ಟು ಅಂತ ವೈದ್ಯರನ್ನು ಕೇಳಬೇಕು. ಜೋಡಿ ಮಾತ್ರೆ, ಶೀತದ ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಇರುತ್ತೆ, ಅದೂ ಲೆಕ್ಕಕ್ಕೆ ಸೇರಬೇಕು. ತಿಂಗಳಿಗೆ ನಾಲ್ಕೈದು ದಿನ ತಲೆನೋವು ಕಾಡುವವರಿಗೆ, ಬರುವ ಮೊದಲೇ ತಡೆಯುವ ಔಷಧಗಳಿವೆ. ಒಂದು ದಿನದ ಕೂಲಿ ಬಿಟ್ಟು ಅದನ್ನು ಕೇಳಿಕೊಂಡು ಬರೋದು ಎರಡು ಬಾಟಲಿ ರಕ್ತಕ್ಕಿಂತ ಅಗ್ಗ. ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವನ್ನಂತೂ ಕೌಂಟರಿನಲ್ಲಿ ಮುಗಿಸುವಂತೆಯೇ ಇಲ್ಲ.

ಅತ್ತೆಗೆ ಎರಡು ಬಾಟಲಿ ರಕ್ತ ಕೊಟ್ಟರು, ಹುಣ್ಣಿಗೆ ಎಂಡೋಸ್ಕೋಪಿಯಲ್ಲೇ ಕ್ಲಿಪ್ ಹಾಕಿದರು. ಪರೀಕ್ಷೆಯಲ್ಲಿ ಹೆಲಿಕೊಬ್ಯಾಕ್ಟರ್ ಪೈಲೊರಿ ಅನ್ನುವ ಬ್ಯಾಕ್ಟೀರಿಯಾ ಸಿಕ್ಕಿತು. ಜಠರದಲ್ಲಿ ಮನೆ ಮಾಡಿ ಕೂರುವ ಇದು ಕೂಡ ಹುಣ್ಣು ತರುತ್ತೆ, ನೋವಿನ ಮಾತ್ರೆ ಜೊತೆಗೂಡಿದರೆ ಅಪಾಯ ಇನ್ನಷ್ಟು. ಅದಕ್ಕೆ ಎರಡು ವಾರ ಆಂಟಿಬಯಾಟಿಕ್. ಪ್ಯಾಂಟೊಪ್ರಜೋಲ್ ಬೆಳಗಿನ ತಿಂಡಿಗೆ ಅರ್ಧ ಗಂಟೆ ಮುಂಚೆ. ಆಸ್ಪಿರಿನ್ ಕೆಲವೇ ದಿನದಲ್ಲಿ ಮತ್ತೆ ಶುರುವಾಯಿತು, ಅದರ ಜೊತೆಗೆ ಪ್ಯಾಂಟೊಪ್ರಜೋಲ್ ಮುಂದುವರಿಯಿತು. ಡೈಕ್ಲೊಫೆನಾಕ್ ಕುಲವನ್ನು ಪೂರ್ತಿ ನಿಲ್ಲಿಸಿದರು. ಮೊದಲ ಹತ್ತು ದಿನ ತಲೆನೋವು ಹಿಂದೆಂದಿಗಿಂತ ಹೆಚ್ಚಾಯಿತು. ಹೀಗಾಗುತ್ತೆ ಅಂತ ನರರೋಗ ತಜ್ಞರು ಮೊದಲೇ ಹೇಳಿದ್ದರಿಂದ ಅತ್ತೆ ಹಲ್ಲು ಕಚ್ಚಿ ತಡೆದುಕೊಂಡರು. ಮೂರನೇ ತಿಂಗಳಲ್ಲಿ ಕ್ಯಾಲೆಂಡರಿನಲ್ಲಿ ತಲೆನೋವಿನ ಗುರುತು ಏಳು. 18 ಇದ್ದದ್ದು ಏಳು. ಅಷ್ಟು ವರ್ಷ ನಾನು ಮಾರಿದ ಮಾತ್ರೆಯಲ್ಲಿ ಎಷ್ಟು ಪಾಲು ತಲೆನೋವಿಗೆ ಹೋಯಿತು, ಎಷ್ಟು ಪಾಲು ತಲೆನೋವನ್ನು ತಂದಿತು ಅಂತ ಈಗಲೂ ಯೋಚಿಸುತ್ತೇನೆ.

ಕೌಂಟರಿನ ಹಿಂದಿರುವ ನನ್ನ ಗೆಳೆಯರಿಗೆ ಒಂದು ಮಾತು. ‘ಊಟ ಆದ್ಮೇಲೆ ತಗೊಳ್ಳಿ’ ಅನ್ನೋಕೆ ಎರಡು ಸೆಕೆಂಡ್ ಬೇಕು. ಅಷ್ಟೇ ಸಮಯದಲ್ಲಿ ‘ಈ ತಿಂಗಳು ಎಷ್ಟು ದಿನ ತಗೊಂಡ್ರಿ?’ ಅಂತ ಕೇಳಬಹುದು. ಇನ್ನೆರಡು ಸೆಕೆಂಡ್ ಇದ್ದರೆ ‘ಬೇರೆ ಯಾವ ಮಾತ್ರೆ ತಗೊಳ್ತಿದೀರಾ?’ ಅಂತ. ಉತ್ತರ ಹತ್ತು ದಿನ ಅಂತ ಬಂದರೆ, ಅಥವಾ ‘ಹಾರ್ಟಿಂದು’ ಅಂತ ಬಂದರೆ, ಕತ್ತರಿ ಕೆಳಗಿಡಿ. ಆ ದಿನ ಐದಾರು ರೂಪಾಯಿ ವ್ಯಾಪಾರ ಹೋಗುತ್ತೆ, ಅಷ್ಟೇ.

ಅತ್ತೆ ಈಗಲೂ ಊಟ ಮಾಡಿಯೇ ಮಾತ್ರೆ ನುಂಗುತ್ತಾರೆ, ಪ್ಯಾಂಟೊಪ್ರಜೋಲ್ ಒಂದನ್ನು ಬಿಟ್ಟು. ಅದೊಂದನ್ನು ಬರಿ ಹೊಟ್ಟೆಯಲ್ಲಿ ತಗೊಳ್ಳುವಾಗ ಪ್ರತಿದಿನ ನನ್ನ ಕಡೆ ಅನುಮಾನದಿಂದ ನೋಡಿ, ‘ನಿಜವಾಗ್ಲೂ ಊಟಕ್ಕೆ ಮುಂಚೆನೇ ಏನೋ?’ ಅಂತ ಕೇಳುತ್ತಾರೆ. ಕೇಳಲಿ. ಅವರಿಗೆ ಆ ಹಕ್ಕಿದೆ.